ಇಳಕಲ್ಲಿಗೆ ಬಂದ ಸಮುದ್ರದ ಉಬ್ಬರ

ಇಳಕಲ್ಲಿನ ಪೇಟೆಯಲ್ಲಿ ಇಪ್ಪತ್ತು ಅಡಿ ತಗ್ಗು ತೆಗೆಯುವವರು ಸಮುದ್ರದಲ್ಲಿ ಉಬ್ಬರ ಬಂದಾಗ ಕೆಲಸ ನಿಲ್ಲಿಸತಕ್ಕದ್ದು. ಇದು ನನ್ನ ಮಾತಲ್ಲ, ಗುತ್ತಿಗೆದಾರರು ಸಹಿ ಹಾಕಿ ಕೊಟ್ಟ ಮಾತು. ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಸಮುದ್ರ ಕಾಣುವ ಹೊತ್ತಿಗೆ ಇಡೀ ಒಂದು ರಾತ್ರಿ ಕಳೆದಿರುತ್ತದೆ. ಆದರೇನಂತೆ, ಮುನ್ನೆಚ್ಚರಿಕೆ ಎಂದ ಮೇಲೆ ಮುನ್ನೆಚ್ಚರಿಕೆ.

ಈ ಮಾತು ಇರುವುದು ಮೆಥಡ್ ಸ್ಟೇಟ್‌ಮೆಂಟ್ ಎಂಬ ಕಡತದಲ್ಲಿ. ಕೆಲಸವನ್ನು ಯಾವ ಕ್ರಮದಲ್ಲಿ ಮಾಡುತ್ತೇವೆ, ಯಾವ ಯಂತ್ರ ತರುತ್ತೇವೆ, ಎಲ್ಲಿ ಅಪಾಯವಿದೆ, ಅದಕ್ಕೆ ಏನು ತಡೆ ಇಡುತ್ತೇವೆ ಎಂದು ಗುದ್ದಲಿ ಬೀಳುವ ಮೊದಲೇ ಗುತ್ತಿಗೆದಾರ ಬರೆದುಕೊಡುವ ದಾಖಲೆ ಅದು. ಕಟ್ಟಡದ ಮಾಲೀಕರು ನನ್ನ ಕೈಗೆ ಅದನ್ನಿಟ್ಟು, "ಒಂದೀಟ್ ನೋಡಿ ಸಹಿ ಮಾಡಿಬಿಡ್ರಿ" ಎಂದರು. ನಮ್ಮ ಕಡೆ ಈ ಮಾತಿನಲ್ಲಿ 'ನೋಡಿ' ಎಂಬುದಕ್ಕೆ ತೂಕ ಕಡಿಮೆ, 'ಸಹಿ' ಎಂಬುದಕ್ಕೆ ಹೆಚ್ಚು. ನಾನು ನೋಡಿಬಿಟ್ಟೆ. ತಕರಾರು ಶುರುವಾದದ್ದು ಅಲ್ಲಿಂದ.

ಕಡತ ಬಹಳ ಊರು ಸುತ್ತಿ ಬಂದಿತ್ತು. ಮೊದಲ ಪುಟದಲ್ಲಿ ಇಳಕಲ್. ನಾಲ್ಕನೆಯ ಪುಟದ ಮೇಲಂಚಿನಲ್ಲಿ ಹುನಗುಂದದ ಒಂದು ಗೋದಾಮು. ಒಂಬತ್ತನೆಯ ಪುಟದಲ್ಲಿ, 'ಬಾದಾಮಿಯ ಸದರಿ ವಸತಿಗೃಹದ ನೆಲಮಾಳಿಗೆ'. ಫೋಟೋಗಳು ಬಾಗಲಕೋಟೆ ನವನಗರದವು. ಉಬ್ಬರ ಮಾತ್ರ ಯಾವ ಕರಾವಳಿಯ ಕೆಲಸದಿಂದ ಹರಿದು ಬಂತೋ ಗೊತ್ತಿಲ್ಲ. ಜಿಲ್ಲೆಯೊಳಗೆ ಒಂದೇ ಕಡತ ತಿರುಗಿದರೆ ತಪ್ಪೇನು ಎಂದು ಕೇಳುವವರಿಗೆ ಉತ್ತರ ನೆಲದಲ್ಲೇ ಇದೆ. ಬಾಗಲಕೋಟೆಯಲ್ಲಿ ಎರೆಮಣ್ಣು, ಹಳೆಯ ಊರಿನ ಬಾಗಿಲಿಗೆ ಆಲಮಟ್ಟಿಯ ಹಿನ್ನೀರು. ಬಾದಾಮಿಯಲ್ಲಿ ಬಿರುಕುಬಿಟ್ಟ ಕೆಂಪು ಮರಳುಗಲ್ಲು. ಹುನಗುಂದದಲ್ಲಿ ಬೇಸಿಗೆಗೆ ಸೀಳಿ ಮಳೆಗೆ ಉಬ್ಬುವ ಎರೆ. ಇಳಕಲ್ಲಿನಲ್ಲಿ ಮೇಲೆ ಮಣ್ಣು, ನಡುವೆ ಗರಸು, ಕೆಳಗೆ ಜಗತ್ತಿಗೆಲ್ಲ ಕಳಿಸುವ ಗ್ರಾನೈಟು. ನಾಲ್ಕೂ ಊರಿಗೆ ಒಪ್ಪುವ ಅಗೆತದ ಕ್ರಮ ಒಂದೇ: ಕಾಗದದ ಮೇಲೆ ಅಗೆಯುವುದು.

ಈಗ ಸೈಟಿನ ವಿಷಯ. ಸೀರೆ ಅಂಗಡಿಯ ಹೊಸ ಕಟ್ಟಡ, ಕೆಳಗೆ ಗಾಡಿ ನಿಲ್ಲಿಸಲು ನೆಲಮಾಳಿಗೆ. ಜಾಗ 18 ಮೀಟರಿಗೆ 24 ಮೀಟರು, ಆಳ 6 ಮೀಟರು. ಪೂರ್ವದ ಗಡಿಯಿಂದ ಒಂದೇ ಮೀಟರಿನಾಚೆ ನೇಕಾರರ ಮನೆ. ಕಲ್ಲು-ಮಣ್ಣಿನ ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಪಾಯ ಹೆಚ್ಚೆಂದರೆ ಒಂದು ಮೀಟರ್ ಆಳ. ಒಳಗೆ ಮುಂದಿನ ಕೋಣೆಯಲ್ಲೇ ಕುಣಿಮಗ್ಗ. ಆರು ಮೀಟರಿನ ತಗ್ಗಿನಲ್ಲಿ ಸೀರೆ ಖರೀದಿಗೆ ಬರುವ ಗಿರಾಕಿಗಳ ಕಾರು, ಎರಡೂವರೆ ಅಡಿಯ ಕುಣಿಯಲ್ಲಿ ಆ ಸೀರೆ ನೇಯುವವರ ಕಾಲು. ನಡುವೆ ಒಂದು ಮೀಟರ್ ಮಣ್ಣು.

ಇಂಥ ಕಡತವನ್ನು ಓದಲು ನನಗೊಂದು ರೂಢಿ ಇದೆ. ಮೊದಲ ಪುಟದಿಂದ ಓದುವುದಿಲ್ಲ. ನೆರೆಮನೆ ಎಲ್ಲಿ ಬರುತ್ತದೆ ಎಂದು ಹುಡುಕುತ್ತೇನೆ. ಆಳದ ಅಗೆತದಲ್ಲಿ ಬೀಳುವುದು ಬಹುಮಟ್ಟಿಗೆ ತಗ್ಗಲ್ಲ, ತಗ್ಗಿನ ಪಕ್ಕದ್ದು. ಈ ಕಡತದಲ್ಲಿ ಹೆಲ್ಮೆಟ್ಟಿಗೆ ಪುಟವೊಂದು ಮೀಸಲಿತ್ತು: ಬಣ್ಣ ಯಾವುದು, ಪಟ್ಟಿ ಹೇಗಿರಬೇಕು, ಇಂಜಿನಿಯರಿಗೆ ಬಿಳಿ, ಕೂಲಿಗೆ ಹಳದಿ. ನೆರೆಮನೆ ಒಂದು ಸಾಲಿನಲ್ಲಿತ್ತು: 'ಅಕ್ಕಪಕ್ಕದ ಕಟ್ಟಡಗಳಿಗೆ ಧಕ್ಕೆಯಾಗದಂತೆ ಎಚ್ಚರ ವಹಿಸಲಾಗುವುದು.' ಯಾರು ವಹಿಸುತ್ತಾರೆ? ಯಾವುದರಿಂದ? ಕರ್ಮಣಿ ಪ್ರಯೋಗಕ್ಕೆ ಇರುವ ಶಕ್ತಿ ಉಕ್ಕಿನ ಕಂಬಕ್ಕೂ ಇಲ್ಲ. ಇಡೀ ಬೀದಿಯನ್ನು ಅದೊಂದೇ ಎತ್ತಿ ಹಿಡಿಯಬಲ್ಲದು.

ಬಾದಾಮಿಯಲ್ಲಿ ಇದಕ್ಕೆ ಬೇರೆ ಪದ್ಧತಿ. ಅಲ್ಲಿ ಚಾಲುಕ್ಯರ ಗುಡಿಯ ಹತ್ತಿರ ಗುದ್ದಲಿ ಎತ್ತಿದರೆ ಕಾನೂನು ಎದ್ದು ನಿಲ್ಲುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ. 578ರಲ್ಲಿ ಮಂಗಲೇಶ ಮುಗಿಸಿದ ಮೂರನೆಯ ಗುಹೆಗೆ ಅಷ್ಟು ದೂರ ಸಿಕ್ಕಿದೆ, ಸಿಗಲೇಬೇಕು. ಅದು ಇಡೀ ಬಂಡೆಯಲ್ಲಿ ಕೊರೆದದ್ದು; ಮಣ್ಣಿನ ಗಾರೆಯ ಗೋಡೆಗಿಂತ ಎಷ್ಟೋ ಗಟ್ಟಿ. ಬದುಕಿರುವ ನೇಕಾರರ ಗೋಡೆಗೆ ಸಿಕ್ಕಿದ್ದು ಒಂದು ಮೀಟರು ಮತ್ತು 'ಎಚ್ಚರ'. ಮನೆ ಉಳಿಯಬೇಕಾದರೆ ಸಾವಿರದ ನಾನೂರು ವರ್ಷ ಕಾಯಬೇಕೆಂದು ಕಾಣುತ್ತದೆ.

ಆ ಒಂದು ಮೀಟರಿನಲ್ಲಿ ಏನಾಗುತ್ತದೆ ಎಂದು ನೋಡಲು ದೊಡ್ಡ ಗಣಿತ ಬೇಡ, ಪೆನ್ಸಿಲ್ಲು ಸಾಕು. ತಗ್ಗಿನ ತಳದ ಮೂಲೆಯಿಂದ ಮನೆಯ ಕಡೆಗೆ 45 ಡಿಗ್ರಿಯಲ್ಲಿ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಪಾಯದ ತಳ ಒಂದು ಮೀಟರಿನಲ್ಲಿದೆ, ತಗ್ಗಿನ ತಳ ಆರರಲ್ಲಿ; ವ್ಯತ್ಯಾಸ ಐದು. ಅಂದರೆ ಪಾಯದ ಮಟ್ಟ ಮುಟ್ಟುವಾಗ ಆ ಗೆರೆ ತಗ್ಗಿನ ಅಂಚಿನಿಂದ ಐದು ಮೀಟರು ಹಿಂದೆ ಹೋಗಿರುತ್ತದೆ. ಗೋಡೆ ಇರುವುದು ಒಂದು ಮೀಟರಿನಲ್ಲಿ. ಹಾಗಾದರೆ ಹೊರಗೋಡೆ, ಮುಂದಿನ ಕೋಣೆ, ಮಗ್ಗ, ನಾಲ್ಕು ಮೀಟರು ಒಳಗಿನ ತನಕ ಎಲ್ಲವೂ ಗೆರೆಯ ಮೇಲೆ, ಜಾರಬಹುದಾದ ಮಣ್ಣಿನ ಬೆನ್ನ ಮೇಲೆ ಕೂತಿವೆ. ಗೆರೆಯ ಮೇಲೆ ಕೂತದ್ದೆಲ್ಲ ಬಿದ್ದೇ ತೀರುತ್ತದೆ ಎಂದಲ್ಲ. ಆದರೆ ಅದನ್ನು ಹಿಡಿದು ನಿಲ್ಲಿಸುವ ಹೊಣೆ ಈಗ ಭೂಮಿತಾಯಿಯದಲ್ಲ, ಗುತ್ತಿಗೆದಾರರದು. ಈ ಗೆರೆ ಕಡತದಲ್ಲಿ ಇರಲಿಲ್ಲ. ಆ ಬದಿಯ ಅಡ್ಡಸೀಳು ನಕ್ಷೆಯಲ್ಲಿ ತಗ್ಗು ಇತ್ತು, ನೆರೆಮನೆಯ ಜಾಗದಲ್ಲಿ ಖಾಲಿ ಬಿಳಿ ಹಾಳೆ.

ಹಿಡಿದು ನಿಲ್ಲಿಸುವುದು ಎಷ್ಟು ಭಾರವನ್ನು? ಸಾಧಾರಣ ಗರಸು ಮಣ್ಣೆಂದು ಹಿಡಿದರೂ ಆರು ಮೀಟರಿನ ನೇರ ಗೋಡೆಯ ಮೇಲೆ ಮಣ್ಣಿನ ಒತ್ತಡ ಉದ್ದದ ಪ್ರತಿ ಮೀಟರಿಗೆ ಸುಮಾರು 11 ಟನ್. ಮೇಲಿನ ಮನೆಯ ಭಾರದ ಪಾಲು ಇನ್ನೊಂದು 4. ಒಟ್ಟು 15 ಟನ್. ಇದಕ್ಕೆ ಎದುರಾಗಿ ಕಡತ ನಿಲ್ಲಿಸಿದ್ದು ಒಂದು ವಾಕ್ಯ: 'ಸ್ಥಳದ ಪರಿಸ್ಥಿತಿಗೆ ಅನುಗುಣವಾಗಿ, ಅಗತ್ಯವಿದ್ದಲ್ಲಿ, ಬೊಂಬು ಮತ್ತು ಹಲಗೆಯ ಶೋರಿಂಗ್ ಒದಗಿಸಲಾಗುವುದು.' ಅಗತ್ಯವಿದ್ದಲ್ಲಿ! ಅಗತ್ಯವಿದೆಯೆಂದು ಮಣ್ಣು ಒಂದೇ ಒಂದು ಸಲ ತಿಳಿಸುತ್ತದೆ, ಅದೂ ಲಿಖಿತವಾಗಿ ಅಲ್ಲ.

ಗುತ್ತಿಗೆದಾರರನ್ನು ಕೇಳಿದೆ. "ಅಣ್ಣಾರ, ಶೋರಿಂಗ್ ಡಿಸೈನ್ ಎಲ್ಲೈತ್ರಿ?"

"ಸಾಹೇಬ್ರ, ಮೂವತ್ತು ವರ್ಷದಿಂದ ತಗ್ಗು ತೆಗಿಯಾಕತ್ತೇವಿ. ನಮ್ ಎರಿ ಮಣ್ಣು ನೆಟ್ಟಗ ನಿಲ್ತೈತ್ರಿ. ಬರ್ರಿ ತೋರಸ್ತೀನಿ, ಹುನಗುಂದದಾಗ ಎಂಟು ದಿನದಿಂದ ನಿಂತೈತಿ."

ನಿಲ್ಲುತ್ತದೆ, ಸುಳ್ಳಲ್ಲ. ಜಿಗುಟು ಮಣ್ಣಿಗೆ ತನ್ನದೇ ಅಂಟಿದೆ. ಆ ಅಂಟಿನ ಬಲದಲ್ಲಿ ನಾಲ್ಕೈದು ಮೀಟರು ನೆಟ್ಟಗೆ ಕಡಿದರೂ ಕೆಲವು ದಿನ ನಿಂತಿರುತ್ತದೆ. ಮೋಸವಿರುವುದು ಅಲ್ಲಿಯೇ. ಕಡಿದ ಕೂಡಲೇ ಬೀಳುವ ಮರಳು ಪ್ರಾಮಾಣಿಕ. ಯಾರೂ ಅದರ ಕೆಳಗೆ ನಿಲ್ಲುವುದಿಲ್ಲ. ಎರೆ ಹಾಗಲ್ಲ. ಬಿಸಿಲಿಗೆ ಒಣಗುತ್ತದೆ, ತಗ್ಗಿನ ಅಂಚಿಗೆ ಸಮಾನಾಂತರವಾಗಿ, ಒಂದೆರಡು ಮೀಟರು ಹಿಂದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕು ಕಂಡ ದಿನವೇ ಜನರನ್ನು ಮೇಲೆ ಕರೆಯಬೇಕು. ಅದರೊಳಗೆ ನೀರು ಇಳಿದರೆ, ನೀರು ತಾನೇ ಮಣ್ಣಿನ ಚಪ್ಪಡಿಯನ್ನು ತಗ್ಗಿನ ಕಡೆಗೆ ದೂಡುತ್ತದೆ, ಅಂಟೂ ಸಡಿಲವಾಗುತ್ತದೆ. ಎಂಟು ದಿನ ನಿಂತಿತ್ತು ಎಂಬುದು ಒಂಬತ್ತನೆಯ ದಿನಕ್ಕೆ ಸಾಕ್ಷಿಯಲ್ಲ. ಹಾಗಾಗಿ ಸರಕಾರಿ ಕಾಮಗಾರಿಗಳ ಟೆಂಡರಿನ ಬೆನ್ನಿಗೆ ಅಂಟಿಸುವ ಸುರಕ್ಷತಾ ಸಂಹಿತೆ 'ನಿಂತೈತಿ' ಎಂಬ ಮಾತನ್ನೇ ಕೇಳುವುದಿಲ್ಲ. ಆಳ 1.5 ಮೀಟರು ದಾಟಿತೇ, ಬದಿಯನ್ನು ಇಳಿಜಾರು ಮಾಡಿ ಇಲ್ಲವೇ ಆಸರೆ ಕೊಡಿ ಎನ್ನುತ್ತದೆ, ಅಷ್ಟೇ. ಇಳಿಜಾರಿಗೆ ಇಲ್ಲಿ ಜಾಗವಿಲ್ಲ, ಆಚೆ ಮಗ್ಗವಿದೆ. ಉಳಿದದ್ದು ಲೆಕ್ಕ ಹಾಕಿದ ಆಸರೆ.

ಆಸರೆ ಎಂದರೆ ಬರೀ ಕಬ್ಬಿಣವಲ್ಲ, ಕ್ರಮ. ಎಷ್ಟು ಆಳ ಅಗೆದ ಮೇಲೆ ಮೊದಲ ಆಸರೆ? ಅದು ಬಿಗಿಯಾದದ್ದನ್ನು ಯಾರು ನೋಡಿ ಸಹಿ ಮಾಡಿದ ಮೇಲೆ ಎರಡನೆಯ ಹಂತದ ಅಗೆತ? ನೆರೆಮನೆಯ ಉದ್ದಕ್ಕೂ ಒಮ್ಮೆಗೇ ಕಡಿಯುತ್ತೀರೋ, ಇಲ್ಲ ಒಂದೊಂದು ಮೀಟರಿನ ತುಂಡುಗಳಲ್ಲಿ ಒಂದು ಬಿಟ್ಟು ಒಂದು ಕಡಿದು, ಅಲ್ಲಿ ಗೋಡೆ ಕಟ್ಟಿಕೊಂಡು, ಆಮೇಲೆ ನಡುವಿನದನ್ನು ಮುಟ್ಟುತ್ತೀರೋ? ಕಡತ ಹೇಳಿದ್ದು 'ಜೆಸಿಬಿಯಿಂದ ಪೂರ್ಣ ಆಳಕ್ಕೆ ಅಗೆತ, ನಂತರ ತಡೆಗೋಡೆ' ಎಂದು. ಇದು ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೀರೆ ನೇಯುವ ಊರು. ಒಂದು ಕೊಂಡಿ ತಪ್ಪಿದರೆ ಸೆರಗು ಕಳಚುತ್ತದೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಅಗೆತಕ್ಕೂ ಗೋಡೆಗೂ ನಡುವೆ ಕೊಂಡಿಯೇ ಇಲ್ಲದ ಕಡತ ಈ ಊರಲ್ಲಿ ಹೇಗೆ ಪಾಸಾದೀತು?

ಮುಂದಿನದು ಮಣ್ಣಿನ ಸಂಸಾರ. 'ಅಗೆದ ಮಣ್ಣನ್ನು ಸೈಟಿನೊಳಗೇ ಒಟ್ಟಲಾಗುವುದು' ಎಂದಿದೆ. ಸೈಟು 18ಕ್ಕೆ 24, ತಗ್ಗೂ 18ಕ್ಕೆ 24. ಹಾಗಿದ್ದರೆ ಒಟ್ಟುವುದು ತಗ್ಗಿನೊಳಗೇ ಇರಬೇಕು. ಅದಕ್ಕಿಂತ ಸುರಕ್ಷಿತ ಅಗೆತ ಇನ್ನೊಂದಿಲ್ಲ. ಲೆಕ್ಕ ಹಾಕಿದರೆ ಹೊರಬರುವ ಮಣ್ಣು ಸುಮಾರು 2,600 ಘನ ಮೀಟರು. ಸಡಿಲಾಗಿ ಉಬ್ಬಿದ ಮೇಲೆ 3,200ರ ಮೇಲೆ. ಹತ್ತು ಘನ ಮೀಟರಿನ ಟಿಪ್ಪರಿಗೆ ಮುನ್ನೂರಕ್ಕೂ ಹೆಚ್ಚು ಖೇಪು. ಯಾವ ಓಣಿಯಿಂದ, ಎಲ್ಲಿಗೆ, ಎಂದು ಒಂದಕ್ಷರವಿಲ್ಲ. ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಟಿಪ್ಪರು ಬರದ ದಿನ ಮಣ್ಣು ನೇಕಾರರ ಗೋಡೆಗೆ ಒರಗುತ್ತದೆ. ಎರಡು ಮೀಟರು ಎತ್ತರದ ರಾಶಿಯೆಂದರೆ ಚದರ ಮೀಟರಿಗೆ ಸುಮಾರು 3 ಟನ್. ಈಗಾಗಲೇ ಜಾರಲು ಕಾದಿರುವ ಮಣ್ಣಿನ ಬೆನ್ನ ಮೇಲೆ ಅದು. ಮೇಲೆ ಹೇಳಿದ ಸಂಹಿತೆಯ ಪ್ರಕಾರ ಅಗೆದ ಮಣ್ಣು ಅಂಚಿನಿಂದ 1.5 ಮೀಟರು ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಇಲ್ಲಿ ಮೂರು ಮೀಟರು. ಮೂರು ಮೀಟರಿನಲ್ಲಿ ನೇಕಾರರ ಮಗ್ಗ ಸಿಗುತ್ತದೆ. ಆದ್ದರಿಂದ ಆ ಬದಿಗೆ ಒಂದು ಬುಟ್ಟಿ ಮಣ್ಣೂ ಕೂಡದು, ಟಿಪ್ಪರೂ ನಿಲ್ಲಕೂಡದು.

ಮಣ್ಣಿನ ರಾಶಿ ಏನು ಮಾಡೀತು ಎನ್ನುವವರು ಶಾಂಘೈ ಕಡೆ ನೋಡಬೇಕು. 2009ರ ಜೂನ್ 27ರಂದು ಅಲ್ಲಿ ಕಟ್ಟುತ್ತಿದ್ದ 13 ಅಂತಸ್ತಿನ ಕಟ್ಟಡವೊಂದು ಇಡಿಯಾಗಿ ಅಡ್ಡ ಮಲಗಿತು. ಒಬ್ಬ ಕಾರ್ಮಿಕ ಸತ್ತ. ಒಂದು ಬದಿಗೆ ಗಾಡಿ ನಿಲ್ಲಿಸಲು 4.6 ಮೀಟರು ತಗ್ಗು ತೆಗೆದಿದ್ದರು, ಇನ್ನೊಂದು ಬದಿಗೆ ಸುಮಾರು ಹತ್ತು ಮೀಟರು ಮಣ್ಣು ಒಟ್ಟಿದ್ದರು. ಪೈಲ್ ಹಾಕಿದ ಹದಿಮೂರು ಅಂತಸ್ತು ಅದು. ನಮ್ಮದು ಮಣ್ಣಿನ ಮಾಳಿಗೆ.

ನೀರಿನ ಬಗ್ಗೆ ಕಡತ ಉದಾರವಾಗಿದೆ: 'ಮಳೆ ಬಂದಲ್ಲಿ ಪಂಪ್ ಇಡಲಾಗುವುದು.' ಉಬ್ಬರಕ್ಕೆ ಕೆಲಸ ನಿಲ್ಲುತ್ತದೆ, ಮಳೆಗೆ ಪಂಪ್ ಮಾತ್ರ. ತಗ್ಗಿನೊಳಗೆ ನಿಂತ ನೀರು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಪಂಪ್ ಬರುತ್ತದೆ. ಕೊಲ್ಲುವುದು ಗೋಡೆಯ ಹಿಂದಿನ, ಕಾಣದ ನೀರು. ಆಗಿನ 15 ಟನ್ ಲೆಕ್ಕವನ್ನೇ ತೆಗೆದುಕೊಳ್ಳಿ. ಆಸರೆಯ ಹಿಂದೆ ನೆಲಮಟ್ಟದ ತನಕ ನೀರು ತುಂಬಿದರೆ ಅದು 27ರ ಹತ್ತಿರ ಹೋಗುತ್ತದೆ. ಆ ನೀರು ಬರಲು ಆಷಾಢವೇ ಬೇಕಿಲ್ಲ. ಓಣಿಯ ಗಟಾರ, ಒಡೆದ ನಳದ ಪೈಪು, ಮಾಳಿಗೆಯಿಂದ ನೇರ ನೆಲಕ್ಕೆ ಬೀಳುವ ಕೊಳವೆ, ಯಾವುದಾದರೊಂದು ಸಾಕು. ಗಟಾರವನ್ನು ಮೊದಲೇ ತಿರುಗಿಸುವುದು, ಪೈಪಿನ ಸೋರಿಕೆ ನೋಡುವುದು, ಆಸರೆಯ ಹಿಂದಿನ ನೀರು ಇಳಿಯಲು ತೂತು ಬಿಡುವುದು ಕಡತದಲ್ಲಿಲ್ಲ. ಪಂಪಿನಿಂದ ಹೊರಬೀಳುವ ನೀರಿನ ಬಣ್ಣ ನೋಡಬೇಕೆಂಬುದೂ ಇಲ್ಲ. ತಿಳಿನೀರು ಬಂದರೆ ನೀರು ಹೋಗುತ್ತಿದೆ. ಕೆಸರು ಬರುತ್ತಲೇ ಇದ್ದರೆ ನೆರೆಮನೆಯ ಪಾಯದ ಕೆಳಗಿನ ಮಣ್ಣೇ ಹೋಗುತ್ತಿರಬಹುದು.

ಇನ್ನು 'ನೆರೆಯ ಕಟ್ಟಡಗಳನ್ನು ಪ್ರತಿದಿನ ಗಮನಿಸಲಾಗುವುದು'. ಗಮನಿಸುವವರು ಸೈಟ್ ಇಂಜಿನಿಯರ್, ಈಗಷ್ಟೇ ಕಾಲೇಜು ಮುಗಿಸಿದ ಹುಡುಗ. "ಏನ್ ಗಮನಸ್ತೀಯಪಾ ತಮ್ಮಾ?" ಎಂದೆ. "ಕಣ್ಣಿಗೆ ಏನರ ಕಂಡ್ರ ಫೋಟೋ ಹೊಡದು ಗ್ರೂಪಿಗೆ ಹಾಕ್ತೀನ್ರಿ ಸರ." ಗ್ರೂಪಿನಲ್ಲಿ ಹೆಬ್ಬೆಟ್ಟು ಮೇಲೆತ್ತಿದ ಚಿತ್ರ ಬರುತ್ತದೆ, ಗೋಡೆ ಕೆಳಗೆ ಬರುತ್ತದೆ.

ಅಗೆಯುವ ಮೊದಲೇ ನೇಕಾರರ ಮನೆಯ ಪ್ರತಿ ಬಿರುಕನ್ನು ಅಳೆದು, ಫೋಟೋ ತೆಗೆದು, ಮನೆಯವರ ಸಹಿ ಪಡೆಯಬೇಕು. ಇಲ್ಲವಾದರೆ ನಾಳೆ ಎಲ್ಲ ಬಿರುಕೂ 'ಮೊದಲಿನಿಂದ ಇದ್ದದ್ದೇ' ಆಗುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರು ಅಂಟಿಸಿ ದಿನಾಂಕ ಬರೆಯಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಗೋಡೆಯ ಮೇಲೆ ಗುರುತು ಮಾಡಿ ಲೆವೆಲ್ ಯಂತ್ರದಿಂದ ದಿನವೂ ಎಷ್ಟು ಕುಸಿದಿದೆ ನೋಡಬೇಕು. ಇವೆಲ್ಲ ಅಗ್ಗದ ಕೆಲಸ. ದುಬಾರಿಯಾದದ್ದು ಇದರ ನಂತರದ ಸಾಲು: ಇಷ್ಟು ಮಿಲಿಮೀಟರಿಗೆ ಎಚ್ಚರಿಕೆ, ಇಷ್ಟಾದರೆ ಕೆಲಸ ಬಂದ್, ಮನೆ ಖಾಲಿ, ಬಂದ್ ಮಾಡಿಸುವ ಅಧಿಕಾರ ಇಂಥವರಿಗೆ. ಆ ಮಿತಿಯನ್ನು ಆಸರೆಯ ಲೆಕ್ಕ ಹಾಕಿದವರು ಮೊದಲೇ ಕೊಡಬೇಕು, ಆಮೇಲೆ ಹಿಗ್ಗಿಸಬಾರದು. ಸಿಂಗಪುರದ ನಿಕೋಲ್ ಹೆದ್ದಾರಿಯ ಪಕ್ಕ ಮೆಟ್ರೋಗಾಗಿ ತೆಗೆದ ಸುಮಾರು 30 ಮೀಟರಿನ ತಗ್ಗು 2004ರ ಏಪ್ರಿಲ್ 20ರಂದು ಕುಸಿದು ನಾಲ್ವರು ಸತ್ತರು. ಅಲ್ಲಿ ಉಪಕರಣಗಳಿಗೆ ಕೊರತೆ ಇರಲಿಲ್ಲ. ಗೋಡೆ ಮಿತಿ ಮೀರಿ ಬಾಗಿದಾಗ, ಮಿತಿಯನ್ನೇ ಮೇಲಕ್ಕೆ ಸರಿಸಿದ್ದರು. ಆಸರೆಗಳ ಜೋಡಣೆಯೇ ಸೋತಿತ್ತು ಎಂದು ತನಿಖೆ ಹೇಳಿತು. ನಮ್ಮ ಕಡತದಲ್ಲಿ ಮಿತಿ ಸರಿಸುವ ತೊಂದರೆಯೇ ಇಲ್ಲ, ಮಿತಿಯೇ ಇಲ್ಲ. ಕೆಲಸ ನಿಲ್ಲಿಸುವ ಷರತ್ತು ಎಲ್ಲ ಪುಟ ಸೇರಿಸಿದರೂ ಒಂದೇ: ಉಬ್ಬರ.

ಕಡತ ಮುಗಿಯುವುದು 'ತಡೆಗೋಡೆ ಕಾಂಕ್ರೀಟ್' ಎಂಬಲ್ಲಿ. ಅಪಾಯ ಅಲ್ಲಿಗೆ ಮುಗಿಯುವುದಿಲ್ಲ. ಹೊಸ ಗೋಡೆಗೂ ಕಡಿದ ಮಣ್ಣಿಗೂ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಸಂದು ಉಳಿಯುತ್ತದೆ. ಗೋಡೆಯ ಹೊರಮೈಗೆ ನೀರು ತಡೆಯುವ ಲೇಪ ಹಚ್ಚಲು ಕೂಲಿಯವನು ಆ ಸಂದಿನಲ್ಲಿ ಇಳಿಯುತ್ತಾನೆ. ಎದುರಿಗೆ ಕಾಂಕ್ರೀಟು, ಬೆನ್ನಿಗೆ ಮಣ್ಣು, ಓಡಲು ದಾರಿಯಿಲ್ಲ. ಮಂಗಳೂರಿನ ಬಲ್ಮಠದಲ್ಲಿ 2024ರ ಜುಲೈ 3ರಂದು ಇಂಥದೇ ಸಂದಿನಲ್ಲಿ ಮಣ್ಣು ಕುಸಿದು ಇಬ್ಬರು ಸಿಕ್ಕಿಕೊಂಡರು. ಒಬ್ಬ ಬದುಕಿ ಬಂದ, ಇನ್ನೊಬ್ಬ ಬರಲಿಲ್ಲ. ಮಳೆಗಾಲ, ಏನು ಮಾಡೋದು ಎನ್ನುವ ಹಾಗೂ ಇಲ್ಲ. ಅದೇ ಊರಿನ ಕರಂಗಲ್ಪಾಡಿಯ ಸೈಟಿನಲ್ಲಿ ಇಬ್ಬರು ಮಣ್ಣಿನಡಿ ಸತ್ತದ್ದು 2020ರ ಫೆಬ್ರವರಿಯಲ್ಲಿ. ಮಂಗಳೂರಿನ ತಗ್ಗುಗಳಿಗೆ ಇಳಿಯುವವರಲ್ಲಿ ನಮ್ಮ ಬಾಗಲಕೋಟೆ, ವಿಜಯಪುರ ಕಡೆಯವರೂ ಇದ್ದಾರೆ. ಈ ಸುದ್ದಿ ನಮಗೆ ದೂರದ್ದಲ್ಲ. ಸಂದನ್ನು ಎಷ್ಟೆಷ್ಟು ಎತ್ತರಕ್ಕೆ ಲೇಪ ಹಚ್ಚಿ ತುಂಬುತ್ತ ಬರುತ್ತೀರಿ, ಆಸರೆಯನ್ನು ಯಾವ ಹಂತದಲ್ಲಿ ಬಿಚ್ಚುತ್ತೀರಿ, ಏಣಿ ಎಲ್ಲಿ ಎಂದು ಬರೆಯದಿದ್ದರೆ ಕಡತದ ಕೊನೆಯ ಅಧ್ಯಾಯವೇ ಕಾಣೆ. ಒಂದು ಘನ ಮೀಟರು ಮಣ್ಣಿನ ತೂಕ 1.8 ಟನ್. ಹಳದಿ ಹೆಲ್ಮೆಟ್ಟಿನ ಪುಟ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕೆಳಗೆ ಗ್ರಾನೈಟು ಸಿಕ್ಕರೆ? 'ಅಗತ್ಯವಿದ್ದಲ್ಲಿ ಸ್ಫೋಟಕ ಬಳಸಲಾಗುವುದು.' ಮಣ್ಣಿನ ಗಾರೆಯ ಗೋಡೆಯಿಂದ ಒಂದು ಮೀಟರಿನಲ್ಲಿ! ಗಣಿಗಳಲ್ಲಿ ಬಂಡೆಯನ್ನು ವಜ್ರದ ತಂತಿಯಿಂದ ಕೊಯ್ದು ತೆಗೆಯುವ ಊರಲ್ಲಿ ಮದ್ದು ಸಿಡಿಸುವ ಯೋಚನೆ ಬರಬೇಕಾದರೆ ಕಡತ ನಿಜವಾಗಿಯೂ ಬೇರೆ ಊರಿಂದ ಬಂದಿರಬೇಕು.

ಕೊನೆಗೆ ನಾನು ಬರೆದದ್ದು ಇಷ್ಟು: ಪೂರ್ವದ ಬದಿಯಲ್ಲಿ ನೆಲಮಾಳಿಗೆಯನ್ನು ಐದು ಮೀಟರು ಒಳಗೆ ಸರಿಸಿ. ಆಗ 45 ಡಿಗ್ರಿಯ ಗೆರೆ ಮನೆಯ ಪಾಯಕ್ಕೆ ತಾಗುವುದಿಲ್ಲ, ಅರ್ಧ ಅಪಾಯ ಅಲ್ಲಿಗೇ ಇಲ್ಲವಾಗುತ್ತದೆ. ಸರಿಸಲಾಗದಿದ್ದರೆ ಸ್ಟ್ರಕ್ಚರಲ್ ಇಂಜಿನಿಯರರ ಸಹಿಯಿರುವ ಆಸರೆಯ ಲೆಕ್ಕ, ಹಂತಹಂತದ ಕ್ರಮ, ಮಿತಿಗಳು ಮತ್ತು ನಿಲ್ಲಿಸುವವರ ಹೆಸರು ಬೇಕು. ಅಲ್ಲಿಯ ತನಕ ಗುದ್ದಲಿ ಮುಟ್ಟಕೂಡದು. ಮಾಲೀಕರು ನಾಲ್ಕು ಕಾರಿನ ಜಾಗ ಹೋಗುತ್ತದೆಂದು ನೊಂದುಕೊಂಡರು.

ಒಂದು ವಾರಕ್ಕೆ ಪರಿಷ್ಕೃತ ಕಡತ ಬಂತು. ಉಬ್ಬರವನ್ನು ಹೊಡೆದು ಹಾಕಿದ್ದರು. ಹೀಗಾಗಿ ಈಗ ಕೆಲಸ ನಿಲ್ಲಿಸಲು ಕಾರಣವೇ ಉಳಿದಿಲ್ಲ. ನೆರೆಮನೆಗೆ ಮಾತ್ರ ಪ್ರತ್ಯೇಕ ಕಲಂ ಸಿಕ್ಕಿತ್ತು, ನಾನು ಕೇಳಿದಂತೆ ಸಂಖ್ಯೆಯ ಸಮೇತ: 'ಪೂರ್ವ ದಿಕ್ಕಿನ ಮನೆಯವರಿಗೆ ಹೆಲ್ಮೆಟ್ ವಿತರಿಸಲಾಗುವುದು. ಒಟ್ಟು 5. ಬಣ್ಣ: ಹಳದಿ.' ಇಡೀ ಕಡತದಲ್ಲಿ ಸೈಟಿಗೆ ಬಂದು, ಎಣಿಸಿ, ಬರೆದ ಲೆಕ್ಕ ಅದೊಂದೇ.